ಪ್ರೇಯಸಿಯ ರಾಗ, ಪ್ರಿಯನ ಮನಸ್ಸು: ಬರ್ಲಿಯೋಜ್‌ನ ಸಿಂಫೊನಿಯಲ್ಲಿ ಒಂದು ಪಾತ್ರದ ಧಾಟಿ

ನಾಟಕದಲ್ಲಿ ಪಾತ್ರವು ರಂಗವನ್ನು ಪ್ರವೇಶಿಸುವಾಗ, ನಿಷ್ಕ್ರಮಿಸುವಾಗ, ಅದರ ಮನಸ್ಸು ಒಂದು ಭಾವದಿಂದ ಮತ್ತೊಂದಕ್ಕೆ ತಿರುಗುವಾಗ ಸಂಗೀತವು ಆ ತಿರುವನ್ನು ಹಿಡಿದು ತೋರಿಸಬೇಕೆಂಬುದು ನಮ್ಮ ಪ್ರಾಚೀನರಿಗೆ ಚೆನ್ನಾಗಿ ತಿಳಿದಿದ್ದ ಸಂಗತಿ. ಭರತನು ನಾಟ್ಯಶಾಸ್ತ್ರದಲ್ಲಿ ಧ್ರುವಾಗಾನವನ್ನು ಪ್ರಾವೇಶಿಕೀ, ಆಕ್ಷೇಪಿಕೀ, ಪ್ರಾಸಾದಿಕೀ, ಅಂತರಾ, ನೈಷ್ಕ್ರಾಮಿಕೀ ಎಂದು ಐದು ಬಗೆಯಾಗಿ ವಿಂಗಡಿಸಿದ್ದಾನೆ. ನಡೆಯುತ್ತಿರುವ ರಸವನ್ನು ಮುರಿದು ಬೇರೊಂದನ್ನು ತರುವುದಕ್ಕೆ ಆಕ್ಷೇಪಿಕೀ. ಹಾಗೆ ಕದಡಿದ ಮನಸ್ಸನ್ನು ತಿಳಿಗೊಳಿಸುವುದಕ್ಕೆ ಪ್ರಾಸಾದಿಕೀ. ಆದರೆ ಈ ಪದ್ಧತಿಯಲ್ಲಿ ಸಂದರ್ಭ ಬದಲಾದಂತೆ ಹಾಡೂ ಬದಲಾಗುತ್ತದೆ. ಒಂದೇ ಧಾಟಿಯನ್ನು ಒಂದು ಪಾತ್ರಕ್ಕೆ ಗಂಟುಹಾಕಿ, ಕಥೆ ತಿರುಗಿದಂತೆಲ್ಲ ಅದೇ ಧಾಟಿಯ ಮುಖಚರ್ಯೆಯನ್ನು ಬದಲಿಸುತ್ತ ಹೋಗುವ ಕ್ರಮ ಬೇರೆಯದು. ಪಾಶ್ಚಾತ್ಯ ಸಂಗೀತದಲ್ಲಿ ಅದು ಪೂರ್ಣರೂಪದಲ್ಲಿ ಕಾಣಿಸಿಕೊಂಡ ಮೊದಲ ಕೃತಿಗಳಲ್ಲಿ ಒಂದನ್ನು, ಅದರ ರಚನೆಯ ಚರಿತ್ರೆಯ ಬೆಳಕಿನಲ್ಲಿ, ಇಲ್ಲಿ ಪರಿಶೀಲಿಸಬೇಕೆಂದಿದೆ. ಫ್ರೆಂಚ್ ಸಂಗೀತಕಾರ ಹೆಕ್ಟರ್ ಬರ್ಲಿಯೋಜ್ 1830ರಲ್ಲಿ ರಚಿಸಿದ ‘ಸಿಂಫೊನಿ ಫ್ಯಾಂಟಾಸ್ಟಿಕ್’ ಎಂಬ ವಾದ್ಯಗೋಷ್ಠಿಯ ಕೃತಿಯೇ ಅದು.

ಈ ಕೃತಿಯ ಹುಟ್ಟನ್ನು ಕುರಿತ ಕಥೆ ಸಾಮಾನ್ಯವಾಗಿ ಹೀಗೆ ಹೇಳಲ್ಪಡುತ್ತದೆ. 1827ರ ಸೆಪ್ಟೆಂಬರಿನಲ್ಲಿ ಒಂದು ಇಂಗ್ಲಿಷ್ ನಾಟಕ ಮಂಡಲಿ ಪ್ಯಾರಿಸ್ಸಿನ ಓದಿಯೋನ್ ರಂಗಮಂದಿರದಲ್ಲಿ ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕವನ್ನು ಆಡಿತು. ಒಫೀಲಿಯಾಳ ಪಾತ್ರವನ್ನು ವಹಿಸಿದ್ದ ಐರಿಷ್ ನಟಿ ಹ್ಯಾರಿಯಟ್ ಸ್ಮಿತ್‌ಸನ್‌ಳನ್ನು ಕಂಡು, ಆಗ ಇಪ್ಪತ್ತಮೂರು ವರ್ಷದ ಬರ್ಲಿಯೋಜ್ ಮರುಳಾದನು. ಆಕೆಗೆ ಈತನ ಪರಿಚಯವಿರಲಿಲ್ಲ. ಈತನಿಗೆ ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ. ಉತ್ತರವಿಲ್ಲದ ಆ ಮೋಹ ಮೂರು ವರ್ಷ ಬೆಳೆದು ಸಿಂಫೊನಿಯಾಯಿತು. ತಾರುಣ್ಯದ ಒಬ್ಬ ಕಲಾವಿದ, ಅವನು ದೂರದಿಂದ ಕಂಡು ಪ್ರೀತಿಸಿದ ಒಬ್ಬ ಸ್ತ್ರೀ, ಆಕೆಯ ನೆನಪಿನೊಡನೆ ಬಿಡದೆ ಬರುವ ಒಂದು ಧಾಟಿ—ಇಷ್ಟು ಅದರ ಕಥಾವಸ್ತು. ಬರ್ಲಿಯೋಜ್ ಆ ಧಾಟಿಯನ್ನು ‘ಈದೇ ಫಿಕ್ಸ್’ ಎಂದು ಕರೆದನು. ಮನಸ್ಸಿನಲ್ಲಿ ನಾಟಿಕೊಂಡು ಕೀಳಲಾಗದ ಆಲೋಚನೆ ಎಂದು ಅದರ ಅರ್ಥ. ಅಂದಿನ ಫ್ರೆಂಚ್ ಮನೋವೈದ್ಯರು ಬಳಸುತ್ತಿದ್ದ ಮಾತು ಅದು.

ಕಥೆಯನ್ನು ಇಷ್ಟಕ್ಕೇ ನಿಲ್ಲಿಸಿದರೆ ಆ ಧಾಟಿ ಹ್ಯಾರಿಯಟ್‌ಳ ಸ್ವರಚಿತ್ರವೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಅದು ಆಕೆಗಾಗಿ ರಚಿಸಿದ ಧಾಟಿಯಲ್ಲ. 1828ರಲ್ಲಿ ಬರ್ಲಿಯೋಜ್ ‘ರೋಮ್ ಪಾರಿತೋಷಕ’ದ ಸ್ಪರ್ಧೆಗಾಗಿ ‘ಎರ್ಮಿನಿ’ ಎಂಬ ಗೇಯಕೃತಿಯನ್ನು ಬರೆದು ಎರಡನೆಯ ಬಹುಮಾನವನ್ನು ಪಡೆದಿದ್ದನು. ಅದರ ವಸ್ತು ಇಟಲಿಯ ಕವಿ ಟಾಸೋನ ಮಹಾಕಾವ್ಯದಿಂದ ಬಂದುದು. ಎರ್ಮಿನಿ ಒಬ್ಬ ರಾಜಕುಮಾರಿ. ತನ್ನ ಜನರ ಶತ್ರುಪಕ್ಷದ ವೀರನಾದ ಟಾಂಕ್ರೆಡ್‌ನನ್ನು ಅವಳು ಒಳಗೊಳಗೇ ಪ್ರೀತಿಸುತ್ತಾಳೆ. ಹೇಳಿಕೊಳ್ಳಲೂ ಆರಳು, ಮರೆಯಲೂ ಆರಳು. ಅವಳ ತಳಮಳವನ್ನು ಸೂಚಿಸುವುದಕ್ಕೆ ವಾದ್ಯಗಳು ನುಡಿಸುವ ಧಾಟಿಯೇ ಎರಡು ವರ್ಷಗಳ ಅನಂತರ ಸಿಂಫೊನಿಯಲ್ಲಿ ಪ್ರೇಯಸಿಯ ಧಾಟಿಯಾಯಿತು.

ಈ ಸಂಗತಿಯನ್ನು ಕೃತಿಕಾರನ ಮಿತವ್ಯಯವೆಂದು ಮಾತ್ರ ಬಗೆದರೆ ಅದರ ಮುಖ್ಯಾರ್ಥ ಕೈತಪ್ಪುತ್ತದೆ. ಆ ಧಾಟಿ ಮೊದಲಿನಿಂದಲೂ ಪ್ರೀತಿಸುವವರ ಧಾಟಿ, ಪ್ರೀತಿಸಲ್ಪಟ್ಟವರದಲ್ಲ. ಎರ್ಮಿನಿಯಲ್ಲಿ ಅದು ಹಂಬಲಿಸುವ ಹೆಣ್ಣಿನ ಎದೆಯಲ್ಲಿತ್ತು. ಸಿಂಫೊನಿಯಲ್ಲಿ ಹಂಬಲಿಸುವ ಗಂಡಿನ ಎದೆಗೆ ಬಂತು. ಬರ್ಲಿಯೋಜ್ ಬರೆದ ಕಥಾಸಾರವೂ ಇದನ್ನೇ ಹೇಳುತ್ತದೆ: ಪ್ರೇಯಸಿಯ ರೂಪ ಕಲಾವಿದನ ಮನಸ್ಸಿಗೆ ಬಂದಾಗಲೆಲ್ಲ ಒಂದು ಸಂಗೀತಭಾವದೊಡನೆ ಕೂಡಿಯೇ ಬರುತ್ತದೆಂದು ಅಲ್ಲಿ ತಿಳಿಸಲಾಗಿದೆ. ಕೃತಿಯುದ್ದಕ್ಕೂ ಆ ಸ್ತ್ರೀ ಏನನ್ನೂ ಮಾಡುವುದಿಲ್ಲ, ಏನನ್ನೂ ಆಡುವುದಿಲ್ಲ. ಬದಲಾಗುವುದು ಆಕೆಯನ್ನು ಕಾಣುವ ಕಣ್ಣು. ಆದುದರಿಂದಲೇ ಒಂದೇ ಧಾಟಿ ಪೂಜ್ಯವೂ ಆಗಬಲ್ಲುದು, ಹೇಯವೂ ಆಗಬಲ್ಲುದು. ಈ ಸೂತ್ರವನ್ನು ಕೈಯಲ್ಲಿ ಹಿಡಿದು ಐದು ಅಂಕಗಳನ್ನೂ ಕ್ರಮವಾಗಿ ನೋಡಬಹುದು.

ಮೊದಲನೆಯ ಅಂಕಕ್ಕೆ ‘ಹಗಲುಗನಸುಗಳು, ಭಾವಾವೇಗಗಳು’ ಎಂದು ಹೆಸರು. ನಿಧಾನವಾದ ಪೀಠಿಕೆ ಮುಗಿದು ಲಯ ಚುರುಕಾದ ಮೇಲೆ, ಪಿಟೀಲುಗಳೂ ಕೊಳಲೂ ಏಕಸ್ವರದಲ್ಲಿ ಧಾಟಿಯನ್ನು ನುಡಿಸುತ್ತವೆ. ಅದು ನಲವತ್ತು ತಾಳಖಂಡಗಳಷ್ಟು ದೀರ್ಘವಾದುದು. ಬೀಥೋವನ್ನನ ಚಿಕ್ಕ ಚಿಕ್ಕ ಸ್ವರಬೀಜಗಳಿಗೆ ಹೊಂದಿಕೊಂಡಿದ್ದ ಕಿವಿಗೆ ಈ ಉದ್ದವೇ ಒಂದು ವಿಚಿತ್ರ. ಅದರ ನಡೆಯನ್ನು ನಮ್ಮ ಸ್ವರಗಳಲ್ಲಿ ಹೇಳುವುದಾದರೆ, ಅದು ಪಂಚಮದಿಂದ ಮೇಲಿನ ಷಡ್ಜಕ್ಕೆ ನೆಗೆಯುತ್ತದೆ. ಹಿಂದಿರುಗಿ ಇನ್ನೂ ಎತ್ತರಕ್ಕೆ ಗಾಂಧಾರವನ್ನು ಹಿಡಿಯುತ್ತದೆ. ಅಲ್ಲಿಂದ ಅರ್ಧಸ್ವರದಷ್ಟೇ ಮೇಲಿರುವ ಮಧ್ಯಮಕ್ಕೆ ಒರಗಿ, ನಿಟ್ಟುಸಿರಿನಂತೆ ಮತ್ತೆ ಗಾಂಧಾರಕ್ಕೆ ಇಳಿಯುತ್ತದೆ. ಮುಂದಿನ ವಾಕ್ಯಗಳು ಇದೇ ಏರುವ ಪ್ರಯತ್ನವನ್ನೂ ಇಳಿಯುವ ನಿಟ್ಟುಸಿರನ್ನೂ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಮೇಲೆ ಒಯ್ಯುತ್ತವೆ. ಧಾಟಿಯ ಆರಂಭದಲ್ಲಿ ಅದಕ್ಕೆ ಆಧಾರಶ್ರುತಿಯಾಗಿ ಏನೂ ಇಲ್ಲ. ಆಮೇಲೆ ಕೆಳಗಿನ ತಂತಿವಾದ್ಯಗಳು ನಡುನಡುವೆ ಮೊಟಕು ಮೊಟಕಾಗಿ ಮಿಡಿಯುತ್ತವೆ. ಆ ಮಿಡಿತ ತಾಳ ತಪ್ಪಿದ ಎದೆಬಡಿತದಂತೆ ಕೇಳಿಸುತ್ತದೆ. ಹಾಡು ಆಕೆಯದಾದರೂ ಎದೆಬಡಿತ ಅವನದು ಎಂಬುದನ್ನು ಇಲ್ಲಿಯೇ ಗುರುತಿಸಿಕೊಳ್ಳಬೇಕು.

ಎರಡನೆಯ ಅಂಕ ನೃತ್ಯಕೂಟ. ಮೂರೆಣಿಕೆಯ ವಾಲ್ಟ್ಸ್ ನೃತ್ಯ ನಡೆದಿರುವಾಗ, ಜನಸಂದಣಿಯ ನಡುವೆ ಆಕೆಯ ಮುಖ ಅವನಿಗೆ ಹೊಳೆಯುತ್ತದೆ. ಧಾಟಿಯನ್ನು ಬರ್ಲಿಯೋಜ್ ಈಗ ನೃತ್ಯದ ತಾಳಕ್ಕೆ ಅಳವಡಿಸಿ ಕೊಳಲಿಗೂ ಓಬೋವಿಗೂ ಕೊಟ್ಟಿದ್ದಾನೆ. ಮೊದಲ ಅಂಕದ ಏದುಸಿರು ಹೋಗಿ ಧಾಟಿಗೆ ಒಂದು ಲಲಿತವಾದ ತೂಗಾಟ ಬಂದಿದೆ. ಆದರೆ ನೃತ್ಯ ನಿಲ್ಲುವುದಿಲ್ಲ. ತಂತಿವಾದ್ಯಗಳಲ್ಲಿ ಅದರ ತುಣುಕುಗಳು ಕೆಳಗೆ ಚಲಿಸುತ್ತಲೇ ಇರುತ್ತವೆ. ಕೂಟದಲ್ಲಿ ಎಲ್ಲರೂ ಕುಣಿಯುತ್ತಿರುವಾಗ ಒಬ್ಬನ ಗಮನ ಮಾತ್ರ ಬೇರೆಡೆ ಹೋದಂತೆ ಇದು ತೋರುತ್ತದೆ. ಅಂಕ ಮುಗಿಯುವ ಮೊದಲು ಒಮ್ಮೆ ಗದ್ದಲವೆಲ್ಲ ಅಡಗಿ, ಕ್ಲಾರಿನೆಟ್ ಒಂದೇ ಧಾಟಿಯನ್ನು ಮೆಲ್ಲನೆ ನೆನೆದುಕೊಳ್ಳುತ್ತದೆ. ಮರುಕ್ಷಣ ನೃತ್ಯ ಅದನ್ನು ಸೆಳೆದುಕೊಂಡು ಹೋಗುತ್ತದೆ.

ಮೂರನೆಯದು ಹೊಲಗಳ ನಡುವಿನ ಸಂಜೆ. ಇಬ್ಬರು ಕುರುಬರು ಕೊಳಲಿನಲ್ಲಿ ಪರಸ್ಪರ ಉತ್ತರ ಕೊಡುತ್ತಾರೆ; ಒಬ್ಬನ ದನಿಯನ್ನು ಇಂಗ್ಲಿಷ್ ಹಾರ್ನ್ ಎಂಬ ಮಂದ್ರದ ಓಬೋ, ಮತ್ತೊಬ್ಬನದನ್ನು ರಂಗದ ಆಚೆಯಿಂದ ಓಬೋ ನುಡಿಸುತ್ತದೆ. ಈ ಶಾಂತಿಯ ನಡುವೆ ಧಾಟಿ ಮರಳಿದಾಗ ಅದರ ಮಧುರತೆಯಲ್ಲಿ ಏನೂ ಕುಂದಿಲ್ಲ. ಓಬೋವೂ ಕೊಳಲೂ ಅದನ್ನು ಹಿಂದಿನ ಸೌಮ್ಯತೆಯಿಂದಲೇ ನುಡಿಸುತ್ತವೆ. ಬದಲಾಗಿರುವುದು ಅದಕ್ಕೆ ಬರುವ ಉತ್ತರ. ಮಂದ್ರದ ತಂತಿವಾದ್ಯಗಳೂ ಬಸೂನುಗಳೂ ವಾಕ್ಯದ ನಡುವೆ ಒರಟಾಗಿ ನುಗ್ಗಿ ಗುಡುಗುತ್ತವೆ. ಅವಳು ವಂಚಿಸಿದರೆ ಎಂಬ ಸಂದೇಹ ಹುಟ್ಟಿದೆಯೆಂದು ಕಥಾಸಾರ ತಿಳಿಸುತ್ತದೆ. ಒಂದು ಧಾಟಿಯ ಭಾವವನ್ನು ತಿರುಗಿಸಬೇಕಾದರೆ ಧಾಟಿಯನ್ನೇ ಮುಟ್ಟಬೇಕಾಗಿಲ್ಲ, ಅದರ ಪಕ್ಕದಲ್ಲಿ ನಿಲ್ಲುವುದನ್ನು ಬದಲಿಸಿದರೆ ಸಾಕೆಂಬ ಪಾಠ ಇಲ್ಲಿದೆ. ಅಂಕದ ಕೊನೆಗೆ ಒಬ್ಬ ಕುರುಬ ಮತ್ತೆ ಊದುತ್ತಾನೆ. ಮತ್ತೊಬ್ಬನ ಉತ್ತರ ಬರುವುದಿಲ್ಲ. ಬರುವುದು ನಾಲ್ವರು ವಾದಕರು ಭೇರಿಗಳ ಮೇಲೆ ಹೊರಡಿಸುವ ದೂರದ ಗುಡುಗು ಮಾತ್ರ.

ನಾಲ್ಕನೆಯ ಅಂಕವನ್ನು ಚರಿತ್ರೆಯ ದೃಷ್ಟಿಯಿಂದ ವಿಶೇಷವಾಗಿ ನೋಡಬೇಕು. ಕಲಾವಿದ ಅಫೀಮು ಸೇವಿಸಿ, ತಾನು ಪ್ರೇಯಸಿಯನ್ನು ಕೊಂದೆನೆಂದೂ ವಧಸ್ಥಾನಕ್ಕೆ ಒಯ್ಯಲ್ಪಡುತ್ತಿದ್ದೇನೆಂದೂ ಕನಸು ಕಾಣುತ್ತಾನೆ. ಈ ಭಯಂಕರ ದಂಡಯಾತ್ರೆಯ ಸಂಗೀತವೂ ಹಳೆಯದೇ. ಬರ್ಲಿಯೋಜ್ ಪೂರೈಸದೆ ಬಿಟ್ಟಿದ್ದ ‘ಲೇ ಫ್ರಾಂಕ್ ಝ್ಯೂಜ್’ ಎಂಬ ಗೀತನಾಟಕದ ಕಾವಲುಭಟರ ನಡೆಯನ್ನು ಇಲ್ಲಿಗೆ ತಂದಿದ್ದಾನೆ. ಹಸ್ತಪ್ರತಿಯನ್ನು ಪರೀಕ್ಷಿಸಿದ ವಿದ್ವಾಂಸರು ಇದನ್ನು ತೋರಿಸಿಕೊಟ್ಟಿದ್ದಾರೆ. ಆ ಮೂಲದಲ್ಲಿ ಪ್ರೇಯಸಿಯೂ ಇಲ್ಲ, ಅವಳ ಧಾಟಿಯೂ ಇಲ್ಲ. ಅದನ್ನು ಸಿಂಫೊನಿಯ ಅಂಕವನ್ನಾಗಿ ಮಾಡಲು ಬರ್ಲಿಯೋಜ್ ಕೊನೆಯಲ್ಲಿ ಕೆಲವೇ ತಾಳಖಂಡಗಳನ್ನು ಸೇರಿಸಿದನು. ತಮಟೆ, ಕಹಳೆಗಳ ಅಬ್ಬರ ಒಮ್ಮೆಲೆ ನಿಲ್ಲುತ್ತದೆ. ನಿಶ್ಶಬ್ದದಲ್ಲಿ ಕ್ಲಾರಿನೆಟ್ ಒಂದೇ, ಅತ್ಯಂತ ಮೆಲುದನಿಯಲ್ಲಿ, ಧಾಟಿಯ ಮೊದಲ ವಾಕ್ಯವನ್ನು ಎತ್ತಿಕೊಳ್ಳುತ್ತದೆ. ವಾಕ್ಯ ನಡೆಯುತ್ತಿರುವಾಗಲೇ ಇಡೀ ಗೋಷ್ಠಿ ಸಿಡಿಲಿನಂತೆ ಎರಗಿ ಅದನ್ನು ಕಡಿಯುತ್ತದೆ. ತಂತಿಗಳ ಮೇಲೆ ಬೆರಳು ಮೀಟಿದ ಒಂದೆರಡು ಸ್ವರ ಕೆಳಗುರುಳುತ್ತವೆ. ಗಿಲೊಟಿನ್ ಯಂತ್ರ ತನ್ನ ಕೆಲಸ ಮುಗಿಸಿದೆ.

ಈ ಕೆಲವು ತಾಳಖಂಡಗಳ ಬಲ ಎಲ್ಲಿಂದ ಬಂತು? ಅಂಕದುದ್ದಕ್ಕೂ ಧಾಟಿ ಒಮ್ಮೆಯೂ ಕೇಳಿಬಂದಿರಲಿಲ್ಲ. ಕೇಳುವವನು ಅದನ್ನು ಹೆಚ್ಚು ಕಡಿಮೆ ಮರೆತಿದ್ದನು. ನಲವತ್ತು ತಾಳಖಂಡಗಳ ಧಾಟಿಯನ್ನು ಹಿಂದೆ ಪೂರ್ಣವಾಗಿ ಕೇಳಿದ್ದವನಿಗೆ ಮಾತ್ರ ಅದು ಮೊದಲ ವಾಕ್ಯದಲ್ಲೇ ಕಡಿದುಹೋದದ್ದರ ಅರ್ಥವಾಗುತ್ತದೆ. ಮೊದಲ ಅಂಕದಲ್ಲಿ ಅದನ್ನು ಅಷ್ಟು ದೀರ್ಘವಾಗಿ ನಿರೂಪಿಸಿದುದರ ಫಲ ಇಲ್ಲಿ ದೊರೆಯಿತು. ಧಾಟಿಯನ್ನು ದೃಶ್ಯದೃಶ್ಯಕ್ಕೂ ಮೆರೆಸಿದ್ದರೆ ಈ ಕ್ಷಣ ಸಾಧ್ಯವಾಗುತ್ತಿರಲಿಲ್ಲ.

ಐದನೆಯ ಅಂಕದಲ್ಲಿ ಸತ್ತ ಕಲಾವಿದನ ಸುತ್ತ ಮಾಟಗಾತಿಯರ ಜಾತ್ರೆ ನೆರೆದಿದೆ. ದೂರದಿಂದ ಕ್ಲಾರಿನೆಟ್ಟಿನಲ್ಲಿ ಪರಿಚಿತವಾದ ಧಾಟಿ ಕುಪ್ಪಳಿಸುತ್ತ ಬರುತ್ತದೆ. ಭೂತಗಣ ಹೋ ಎಂದು ಬೊಬ್ಬಿಟ್ಟು ಸ್ವಾಗತಿಸುತ್ತದೆ. ಅನಂತರ ಅದೇ ಧಾಟಿಯನ್ನು ಕಿರಿಯ ಕ್ಲಾರಿನೆಟ್, ಎಂದರೆ ಪಟಾಲಮಿನ ಬ್ಯಾಂಡುಗಳಲ್ಲಿ ಕೇಳಿಬರುವ ಕೀಚು ದನಿಯ ವಾದ್ಯ, ಆರೆಣಿಕೆಯ ಕುಣಿತದ ತಾಳದಲ್ಲಿ ನುಡಿಸುತ್ತದೆ. ಸ್ವರಸ್ವರಕ್ಕೂ ಕಂಪನ, ಚಿಟುಕು ಅನುಸ್ವರಗಳು. ಹಿಂದೆ ನಿಟ್ಟುಸಿರಾಗಿದ್ದುದು ಈಗ ಕಿಸಕ್ಕನೆ ನಗುವಂತಾಗಿದೆ. ಧಾಟಿ ತನ್ನ ಘನತೆಯನ್ನೂ ಸಂಕೋಚವನ್ನೂ ಕಳೆದುಕೊಂಡು ನೀಚವಾದ ಕುಣಿತದ ಹಾಡಾಯಿತೆಂದು ಬರ್ಲಿಯೋಜ್‌ನ ಕಥಾಸಾರವೇ ಹೇಳುತ್ತದೆ. 1830ರ ವಸಂತದಲ್ಲಿ ಹ್ಯಾರಿಯಟ್‌ಳನ್ನು ಕುರಿತ ಒಂದು ಅಪವಾದ ಅವನ ಕಿವಿಗೆ ಬಿದ್ದುದರ ಕಹಿ ಈ ಅಂಕದಲ್ಲಿದೆಯೆಂದು ಚರಿತ್ರಕಾರರು ಎಣಿಸುತ್ತಾರೆ. ಮುಂದೆ ಕ್ರೈಸ್ತರ ಶವಸಂಸ್ಕಾರದ ‘ದೀಎಸ್ ಈರೇ’ ಸ್ತೋತ್ರದ ಅಣಕು ಆರಂಭವಾದ ಮೇಲೆ ಪ್ರೇಯಸಿಯ ಧಾಟಿ ಮತ್ತೆ ಕಾಣಿಸುವುದಿಲ್ಲ. ಅವಳೂ ಆ ಗುಂಪಿನಲ್ಲಿ ಒಬ್ಬಳಾಗಿ ಕರಗಿಹೋದಳು.

ಈ ಐದು ರೂಪಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಬರ್ಲಿಯೋಜ್ ಏನನ್ನು ಬದಲಿಸಿದನೆಂಬುದಕ್ಕಿಂತ ಏನನ್ನು ಬದಲಿಸಲಿಲ್ಲವೆಂಬುದು ಹೆಚ್ಚು ಬೋಧಪ್ರದ. ತಾಳ, ವೇಗ, ವಾದ್ಯ, ಅಲಂಕಾರ, ಪಕ್ಕವಾದ್ಯ, ಉದ್ದ—ಇವೆಲ್ಲ ಬದಲಾದವು. ಆದರೆ ಆರೋಹದ ಆ ಎರಡು ನೆಗೆತ, ಆ ಒರಗುವ ಮಧ್ಯಮ ಹಾಗೆಯೇ ಉಳಿದವು. ಅಷ್ಟೇ ಅಲ್ಲ, ಮುಖ್ಯವಾದ ಪ್ರವೇಶಗಳಲ್ಲೆಲ್ಲ ಧಾಟಿ ಮೇಜರ್ ಮೇಳದಲ್ಲಿಯೇ, ನಮ್ಮ ಧೀರಶಂಕರಾಭರಣದ ಅಥವಾ ಬಿಲಾವಲ್ ಥಾಟಿನ ಸ್ವರಗಳಲ್ಲಿಯೇ ಇದೆ. ದುಃಖ ಬಂತೆಂದರೆ ಗಾಂಧಾರವನ್ನು ಕೋಮಲಗೊಳಿಸಿ ಮೈನರ್ ಮೇಳಕ್ಕೆ ಇಳಿಸುವುದು ಪಾಶ್ಚಾತ್ಯ ಸಂಗೀತದಲ್ಲಿ ಎಲ್ಲರಿಗೂ ತಿಳಿದ ಸುಲಭೋಪಾಯ. ವಧಸ್ಥಾನದ ನಡೆ ಮೈನರಿನಲ್ಲಿದ್ದರೂ, ಕತ್ತಿ ಬೀಳುವ ಮುನ್ನ ಬರುವ ಧಾಟಿ ಮೇಜರಿನಲ್ಲಿದೆ. ಮಾಟಗಾತಿಯರ ನಡುವೆ ಕುಣಿಯುವುದೂ ಮೇಜರಿನಲ್ಲೇ. ಸ್ವರಗಳು ನಿರ್ಮಲವಾಗಿದ್ದು ನಡತೆ ಕೆಟ್ಟಿರುವುದರಿಂದಲೇ ಆ ವಿಕಾರ ಅಷ್ಟು ಅಸಹ್ಯವಾಗಿ ತೋರುತ್ತದೆ.

ಭಾರತೀಯ ಸಂಗೀತವನ್ನು ಬಲ್ಲವರಿಗೆ ಇದು ಸುಲಭವಾಗಿ ಮನದಟ್ಟಾಗಬೇಕು. ನಮ್ಮಲ್ಲಿ ಒಂದು ಸ್ವರಸ್ಥಾನ ಪಲ್ಲಟವಾದರೆ ರಾಗವೇ ಬೇರೆಯಾಗಿ ಹೆಸರು ಬದಲಾಗುತ್ತದೆ. ಸ್ವರಗಳನ್ನು ಉಳಿಸಿಕೊಂಡು ಗಮಕ, ಕಾಲಪ್ರಮಾಣ, ಸ್ಥಾಯಿಗಳಿಂದ ಭಾವವನ್ನು ತಿದ್ದುವುದು ನಮಗೆ ಹೊಸತಲ್ಲ. ವ್ಯತ್ಯಾಸವಿಷ್ಟೇ: ನಮ್ಮ ಗಾಯಕನು ರಾಗದ ಒಳಗಿರುವ ಭಾವವನ್ನು ಅರಳಿಸುತ್ತಾನೆ; ಬರ್ಲಿಯೋಜ್ ಒಂದೇ ಧಾಟಿಯ ಮೇಲೆ ಹೊರಗಿನಿಂದ, ಕಥೆಯ ಒತ್ತಡದಿಂದ, ಪರಸ್ಪರ ವಿರುದ್ಧವಾದ ಭಾವಗಳನ್ನು ಹೇರುತ್ತಾನೆ. ಗುರುತು ಉಳಿಯದಿದ್ದರೆ ಆ ವಿರೋಧ ಕೇಳುವವನಿಗೆ ತಿಳಿಯುವುದೇ ಇಲ್ಲ. ಇಂಥ ರಚನೆ ಕೆಡುವ ದಾರಿ ಇದೇ. ಎಲ್ಲವನ್ನೂ ಬದಲಿಸಿದಾಗ ಧಾಟಿ ಹೊಸ ಹಾಡಾಗಿಬಿಡುತ್ತದೆ, ಪಾತ್ರ ಕಳೆದುಹೋಗುತ್ತದೆ. ಏನನ್ನೂ ಬದಲಿಸದಿದ್ದಾಗ ಅದು ಪಾತ್ರದ ಹೆಸರನ್ನು ಕೂಗುವ ದ್ವಾರಪಾಲಕನಾಗುತ್ತದೆ.

ಆದರೂ ಬದಲಾಗದ ಧಾಟಿಯೂ ಬೇಕೆಂದೇ ಆರಿಸಿದ್ದಾದರೆ ಸಾರ್ಥಕವಾಗಬಹುದೆಂದು ಬರ್ಲಿಯೋಜ್‌ನ ಮುಂದಿನ ಕೃತಿಯೇ ತೋರಿಸುತ್ತದೆ. 1834ರ ‘ಇಟಲಿಯಲ್ಲಿ ಹ್ಯಾರಲ್ಡ್’ ಎಂಬ ಸಿಂಫೊನಿಯಲ್ಲಿ ವಿಯೋಲಾ ವಾದ್ಯವೊಂದು ಹ್ಯಾರಲ್ಡನೆಂಬ ವಿಷಣ್ಣ ಪಥಿಕನ ಪಾತ್ರವನ್ನು ವಹಿಸುತ್ತದೆ. ಅವನ ಧಾಟಿಯೂ ಎರವಲೇ. ‘ರಾಬ್ ರಾಯ್’ ಎಂಬ ತನ್ನದೇ ಹಳೆಯ ಪೂರ್ವರಂಗ ಸಂಗೀತದಿಂದ ಬರ್ಲಿಯೋಜ್ ಅದನ್ನು ತೆಗೆದುಕೊಂಡನು. ಯಾತ್ರಿಕರು ಸ್ತೋತ್ರ ಹಾಡುತ್ತ ಸಾಗುವಾಗಲೂ, ಬೆಟ್ಟದ ನಿವಾಸಿ ತನ್ನ ನಲ್ಲೆಗೆ ಹಾಡುವಾಗಲೂ, ಹ್ಯಾರಲ್ಡನ ಧಾಟಿ ಹೆಚ್ಚು ಮಾರ್ಪಾಡಿಲ್ಲದೆ ಅವುಗಳ ಮೇಲೆ ತೇಲುತ್ತದೆ. ಮೊದಲಿನ ಧಾಟಿ ಪರಕೀಯ ದೃಶ್ಯಗಳಲ್ಲಿ ನುಗ್ಗಿ ಅವನ್ನು ತಡೆಯುತ್ತದೆ, ಹ್ಯಾರಲ್ಡನದು ಅವುಗಳ ಓಟಕ್ಕೆ ಅಡ್ಡಬಾರದೆ ಮೇಲೆ ನಿಲ್ಲುತ್ತದೆ ಎಂಬ ಭೇದವನ್ನು ಬರ್ಲಿಯೋಜ್ ತನ್ನ ಆತ್ಮಕಥೆಯಲ್ಲಿ ತಾನೇ ವಿವರಿಸಿದ್ದಾನೆ. ಹ್ಯಾರಲ್ಡನು ನೋಡುಗ, ಲೋಕ ಅವನನ್ನು ಮುಟ್ಟುವುದಿಲ್ಲ. ಅವನ ಧಾಟಿ ಬದಲಾಗದಿರುವುದೇ ಅವನ ದುಃಖ. ಪ್ರೇಯಸಿಯಾದರೋ ನೋಡಲ್ಪಟ್ಟವಳು, ನೋಡುವವನ ಚಿತ್ತ ಕದಡಿದಂತೆಲ್ಲ ಅವಳ ಧಾಟಿಯೂ ಕದಡುತ್ತದೆ. ಆದುದರಿಂದ ಒಂದು ಪಾತ್ರಕ್ಕೆ ಧಾಟಿಯನ್ನು ರಚಿಸುವ ಮುನ್ನ, ಅದು ಯಾರ ಕಣ್ಣಿನ ಧಾಟಿ ಎಂಬ ಪ್ರಶ್ನೆ ಮೊದಲು ಇತ್ಯರ್ಥವಾಗಬೇಕು.

ಈ ಪ್ರಶ್ನೆಯನ್ನು ಬರ್ಲಿಯೋಜ್‌ನ ತರುವಾಯ ಅತ್ಯಂತ ಸೂಕ್ಷ್ಮವಾಗಿ ಗ್ರಹಿಸಿದವನು ಲಿಸ್ಟ್. 1830ರ ಡಿಸೆಂಬರ್ 5ರಂದು ಪ್ಯಾರಿಸ್ಸಿನ ಸಂಗೀತ ವಿದ್ಯಾಲಯದ ಸಭಾಂಗಣದಲ್ಲಿ ಅಬೆನೆಕ್‌ನ ನೇತೃತ್ವದಲ್ಲಿ ಸಿಂಫೊನಿ ಮೊದಲ ಬಾರಿಗೆ ನಡೆದಾಗ ಹತ್ತೊಂಬತ್ತರ ತರುಣ ಲಿಸ್ಟ್ ಸಭೆಯಲ್ಲಿದ್ದನು. ಮುಂದೆ ಅದನ್ನು ಇಡಿಯಾಗಿ ಪಿಯಾನೋಗೆ ಅಳವಡಿಸಿ ಪ್ರಕಟಿಸಿದವನೂ ಅವನೇ. 1857ರಲ್ಲಿ ವೈಮಾರ್ ನಗರದಲ್ಲಿ ನಡೆದ ಅವನ ‘ಫೌಸ್ಟ್ ಸಿಂಫೊನಿ’ಯನ್ನು ಬರ್ಲಿಯೋಜ್‌ಗೇ ಅರ್ಪಿಸಲಾಗಿದೆ. ಅದರಲ್ಲಿ ಸೈತಾನನಾದ ಮೆಫಿಸ್ಟೊಫಿಲಿಸನಿಗೆ ಬಹುಮಟ್ಟಿಗೆ ಸ್ವಂತ ಧಾಟಿಯೇ ಇಲ್ಲ. ಫೌಸ್ಟನ ಧಾಟಿಗಳನ್ನೇ ತಿರುಚಿ, ಅಣಕಿಸಿ, ಅವನು ತನ್ನ ಅಂಕವನ್ನು ಕಟ್ಟುತ್ತಾನೆ. ನಿರಾಕರಿಸುವುದೇ ಸ್ವಭಾವವಾದವನಿಗೆ ಸೃಷ್ಟಿಸುವ ಶಕ್ತಿ ಎಲ್ಲಿಯದು? ಆ ಕುಹಕದ ನಡುವೆ ಮುಗ್ಧೆ ಗ್ರೆಚೆನ್ನಳ ಧಾಟಿ ಬಂದಾಗ ಮಾತ್ರ ಅದು ಕೆಡದೆ ಹಾಗೆಯೇ ನಿಲ್ಲುತ್ತದೆ. ಬರ್ಲಿಯೋಜ್‌ನ ಜಾತ್ರೆಯಲ್ಲಿ ಪ್ರೇಯಸಿಯ ಧಾಟಿ ಕೆಟ್ಟಿತು, ಏಕೆಂದರೆ ಅದು ಅವನ ಮನಸ್ಸಿನ ಸೊತ್ತಾಗಿತ್ತು. ಗ್ರೆಚೆನ್ನಳದು ಅವಳದೇ ಆಗಿದ್ದುದರಿಂದ ಉಳಿಯಿತು. ಒಂದೇ ಸಾಧನದಿಂದ ಇಬ್ಬರು ಕೃತಿಕಾರರು ಪಡೆದ ಈ ಎರಡು ವಿರುದ್ಧ ಫಲಗಳು ಅದರ ವ್ಯಾಪ್ತಿಯನ್ನು ತಿಳಿಸುತ್ತವೆ.

ಅದರ ಮಿತಿಯನ್ನೂ ಹೇಳದಿದ್ದರೆ ವಿಮರ್ಶೆ ಅಪೂರ್ಣವಾದೀತು. ಧಾಟಿಯ ವಿಕಾರದಿಂದ ಮನಸ್ಸು ತಿರುಗಿತೆಂದು ತಿಳಿಯುತ್ತದೆ. ಏಕೆ ತಿರುಗಿತೆಂದು ತಿಳಿಯುವುದಿಲ್ಲ. ಹೊಲದ ದೃಶ್ಯದಲ್ಲಿ ಮಂದ್ರವಾದ್ಯಗಳ ಗುಡುಗು ಕಳವಳವೆಂದು ಯಾರಿಗೂ ಗೊತ್ತಾದೀತು. ಅದು ವಂಚನೆಯ ಸಂದೇಹವೆಂದು ಸಂಗೀತವೊಂದೇ ಹೇಳಲಾರದು. ಬರ್ಲಿಯೋಜ್ ಇದನ್ನು ಬಲ್ಲವನಾಗಿ ಕಥಾಸಾರವನ್ನು ಅಚ್ಚುಮಾಡಿಸಿ ಶ್ರೋತೃಗಳಿಗೆ ಹಂಚಿಸಿದನು. 1855ರಲ್ಲಿಯಾದರೋ ಅವನ ನಿಲುವು ಸಡಿಲವಾಗಿತ್ತು: ಸಿಂಫೊನಿಯನ್ನು ಪ್ರತ್ಯೇಕವಾಗಿ ನುಡಿಸುವಾಗ ಐದು ಅಂಕಗಳ ಹೆಸರುಗಳನ್ನು ಕೊಟ್ಟರೆ ಸಾಕೆಂದು ಅವನು ಬರೆದನು. ಕಾರಣಗಳು ಬಿಟ್ಟುಹೋದರೂ ಧಾಟಿಯ ಪಾಡು ಕಿವಿಗೆ ತಿಳಿಯುತ್ತದೆಂಬ ಭರವಸೆ ಆ ವೇಳೆಗೆ ಅವನಿಗೆ ಬಂದಿರಬೇಕು.

ಸಂಗೀತದ ಹೊರಗೆ ನಡೆದುದನ್ನು ಎರಡೇ ಮಾತಿನಲ್ಲಿ ಹೇಳಬಹುದು. 1832ರ ಡಿಸೆಂಬರ್ 9ರಂದು ಈ ಸಿಂಫೊನಿ ಮತ್ತೆ ನಡೆದಾಗ ಹ್ಯಾರಿಯಟ್ ಸ್ಮಿತ್‌ಸನ್ ಸಭೆಯಲ್ಲಿದ್ದಳು. 1833ರ ಅಕ್ಟೋಬರ್ 3ರಂದು ಅವರ ವಿವಾಹವಾಯಿತು. ಆ ವಿವಾಹ ಸುಖಕರವಾಗಲಿಲ್ಲ. ಕೆಲವು ವರ್ಷಗಳ ತರುವಾಯ ಅವರು ಬೇರೆಯಾದರು. ಎರ್ಮಿನಿಗಾಗಿ ಹುಟ್ಟಿದ ಧಾಟಿಯೊಳಗೆ ಒಬ್ಬ ಜೀವಂತ ಸ್ತ್ರೀಯನ್ನು ಹಿಡಿದಿಡುವುದು ಸಾಧ್ಯವಾಗದ ಕೆಲಸವಾಗಿತ್ತು. ಆ ಧಾಟಿ ಅವಳನ್ನು ಕುರಿತು ಏನನ್ನೂ ಹೇಳಿರಲಿಲ್ಲ. ಹೇಳಿದ್ದುದೆಲ್ಲ ಅವನನ್ನು ಕುರಿತು.